ವೀಲ್‌ಚೇರ್ ಫ್ರೆಂಡ್ಲಿ ಅಂತ ಹಾಕೋ ಮುಂಚೆ ಬಾತ್‌ರೂಮ್ ಬಾಗಿಲು ಅಳೀರಿ

"ನಮ್ಮ ಹೋಮ್‌ಸ್ಟೇ ಸೈಟಲ್ಲಿ ವೀಲ್‌ಚೇರ್ ಫ್ರೆಂಡ್ಲಿ ಅಂತ ಹಾಕ್ಬಹುದಾ? ಗ್ರೌಂಡ್ ಫ್ಲೋರ್ ರೂಮ್ ಇದೆ, ಮೂರು ಮೆಟ್ಟಿಲಿಗೆ 6 ಅಡಿ ರ‍್ಯಾಂಪ್ ಮಾಡ್ಸಿದೀನಿ, ಬಾತ್‌ರೂಮ್ ಡೋರ್ 30 ಇಂಚು."

ಸರ್, ದಯವಿಟ್ಟು ಹಾಕ್ಬೇಡಿ. ಇದೇ 30 ಇಂಚು ನಂಬ್ಕೊಂಡು ನಾನೂ ಹಾಕಿದ್ದೆ. ಸಕಲೇಶಪುರದ ನಮ್ಮ ಮನೆಗೆ ಒಬ್ರು ವಯಸ್ಸಾದ ಅಮ್ಮನ್ನ ಕರ್ಕೊಂಡು ಬಂದ್ರು, ರೂಮ್ ಒಳಗೆ ಆರಾಮಾಗಿ ಹೋದ್ರು, ಬಾತ್‌ರೂಮ್ ಹತ್ರ ಚೇರ್ ಸಿಕ್ಕಾಕೊಳ್ತು, ಆಯಮ್ಮನ ಬೆರಳ ಗೆಣ್ಣು ಫ್ರೇಮಿಗೆ ಉಜ್ಜಿ ಸಿಪ್ಪೆ ಎದ್ದೋಯ್ತು. ಎರಡು ದಿನ ಮಗನೇ ಎತ್ಕೊಂಡು ಹೋಗಿದ್ದು. ಆಮೇಲೆ ಟೇಪ್ ಹಿಡ್ದು ನೋಡಿದ್ರೆ ಆ 30 ಇಂಚು ಗೋಡೆಯಿಂದ ಗೋಡೆಗೆ. ಎರಡೂ ಕಡೆ ಫ್ರೇಮ್ ತಲಾ ಎರಡೂವರೆ ಇಂಚು, ತೆಗೆದ ಬಾಗಿಲಿನ ದಪ್ಪ ಒಂದೂವರೆ, ಉಳಿದಿದ್ದು ಇಪ್ಪತ್ಮೂರೂವರೆ. ಅವರ ಚೇರ್ 25. ಬಾಗಿಲನ್ನ ಪೂರ್ತಿ 90 ಡಿಗ್ರಿ ತೆಗೆದು, ಅದರ ಮೈಯಿಂದ ಎದುರಿನ ಫ್ರೇಮಿನವರೆಗೆ ಅಳೀರಿ, ಅದೇ ನಿಜವಾದ ಅಳತೆ. ಹೊಸದಾಗಿ ಕಟ್ಟೋರು 36 ಇಂಚು ಸಿಗೋ ಹಾಗೆ ಬಿಡಿ.

ರ‍್ಯಾಂಪೂ ಸರಿ ಇಲ್ಲ. ಮೂರು ಮೆಟ್ಟಿಲು ಅಂದ್ರೆ ಸುಮಾರು 18 ಇಂಚು ಎತ್ತರ, ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದದ ಲೆಕ್ಕದಲ್ಲಿ 18 ಅಡಿ ಬೇಕು. ನಿಮ್ಮ 6 ಅಡಿಯಲ್ಲಿ ಅದು ಜಾರುಬಂಡೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ್ರಂತೂ ತಳ್ಳೋರೂ ಬೀಳ್ತಾರೆ.

ಈ ಪ್ರಶ್ನೆಗೆ ಕಾಮೆಂಟಲ್ಲಿ ಒಬ್ರು "ಗ್ರೌಂಡ್ ಫ್ಲೋರ್ ಇದ್ರೆ ಸಾಕು" ಅಂದಿದಾರೆ. ಮಂಡಿ ನೋವಿನವರಿಗೆ ಅರ್ಧ ಸಮಸ್ಯೆ ತೀರುತ್ತೆ ನಿಜ, ಆದ್ರೆ ಕಮೋಡ್ ತಗ್ಗಾಗಿದ್ರೆ ಅವರೂ ಏಳಕ್ಕಾಗಲ್ಲ. ಇನ್ನೊಬ್ರು ಚೇರ್ ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ಕೇಳಿದಾರೆ, ಮೇಡಂ, ಬರೋರು ಅವರ ಚೇರ್ ತಂದಿರ್ತಾರೆ, ನಾವು ಜಾಗ ಕೊಡ್ಬೇಕು ಅಷ್ಟೇ.

ನಾನೀಗ ಆ ಪದವನ್ನೇ ತೆಗೆದು ಸೈಟಲ್ಲಿ ಹೀಗೆ ಹಾಕಿದೀನಿ: "ರೂಮ್ 2: ರೂಮಿನ ಬಾಗಿಲು 33 ಇಂಚು, ಬಾತ್‌ರೂಮ್ ಬಾಗಿಲು 23.5 ಇಂಚು, ಹೆಚ್ಚಿನ ವೀಲ್‌ಚೇರ್ ಒಳಗೆ ಹೋಗಲ್ಲ. ಹೊಸ್ತಿಲು 2 ಇಂಚು. ಕಮೋಡ್ 16 ಇಂಚು ಎತ್ತರ, ಪಕ್ಕದಲ್ಲಿ ಹಿಡಿ ಇಲ್ಲ. ಊಟದ ಹಾಲ್‌ಗೆ 2 ಮೆಟ್ಟಿಲು. ಪಾರ್ಕಿಂಗ್‌ನಿಂದ 40 ಅಡಿ ಜಲ್ಲಿ." ಟೇಪ್ ಕಾಣೋ ಹಾಗೆ ಫೋಟೋನೂ. "ನಮ್ಮ ಹುಡುಗರು ಎತ್ತಿ ಕೂರಿಸ್ತಾರೆ" ಅಂತ ಮಾತ್ರ ಬರೀಬೇಡಿ, ಮೈ ಮುಟ್ಟಿಸ್ಕೊಳ್ಳೋದು ಎಲ್ರಿಗೂ ಇಷ್ಟ ಆಗಲ್ಲ, ಎತ್ತಕ್ಕೆ ಗೊತ್ತಿಲ್ದೆ ಇರೋರು ಬೀಳಿಸ್ತಾರೆ.

ಬುಕಿಂಗ್ ಆ್ಯಪ್‌ಗಳಲ್ಲಿ ಹಳೇ ಟಿಕ್ ಹಾಗೇ ಉಳಿದಿರುತ್ತೆ, ಅದನ್ನೂ ತೆಗೀರಿ, ನನ್ನದು ಎಂಟು ತಿಂಗಳು ಇತ್ತು. ಆಮೇಲೆ ಆನ್‌ಲೈನ್‌ನಲ್ಲಿ ಬರೋ ಸಕ್ಷನ್ ಕಪ್ ಹಿಡಿ ತಗೊಂಡು "ಗ್ರ್ಯಾಬ್ ಬಾರ್ ಇದೆ" ಅಂತ ಬರೀಬೇಡಿ ಮಾರಾಯ್ರೆ. ಯಾವ ಕಂಪನಿದಾದ್ರೂ ಒದ್ದೆ ಟೈಲ್ಸ್ ಮೇಲೆ ಕಿತ್ಕೊಂಡ್ಬರಬಹುದು. ಸ್ಟೀಲ್ ರಾಡ್ ಗೋಡೆಗೆ ಸ್ಕ್ರೂ ಹಾಕ್ಸಿ, ಅದೂ ಗಟ್ಟಿ ಇಟ್ಟಿಗೆ ಗೋಡೆ ಆದ್ರೆ. ಹಾಲೋ ಬ್ಲಾಕ್ ಆದ್ರೆ ಸಾದಾ ಪ್ಲಗ್ ನಿಲ್ಲಲ್ಲ, ನಮ್ಮಲ್ಲಿ ಅದಕ್ಕೇ ಇನ್ನೂ ಹಾಕ್ಸಿಲ್ಲ, ಯಾರಾದ್ರೂ ಮಾಡ್ಸಿದ್ರೆ ಹೇಳಿ.