ಒಂದೇ ಅಂಗಡಿಗೆ ಜಾಹೀರಾತಿನಿಂದ ಎಷ್ಟು ಜನ ಬಂದರು ಅಂತ ಅಳೆಯೋದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಒಂದೇ ಚಪ್ಪಲಿ ಅಂಗಡಿ. ಗೂಗಲ್ ಜಾಹೀರಾತಿಗೆ ವಾರಕ್ಕೆ 3,500 ರೂಪಾಯಿ ಹಾಕ್ತಿದ್ದೀನಿ. ರಿಪೋರ್ಟಲ್ಲಿ Store visits ಕಾಣಿಸ್ತಾನೇ ಇಲ್ಲ. ಅದರಿಂದ ಜನ ಬರ್ತಿದ್ದಾರಾ ಅಂತ ತಿಳಿಯೋದು ಹೇಗೆ?

ಉತ್ತರ:

ಆ ಅಂಕಣಕ್ಕೆ ಕಾಯಬೇಡಿ. ಫೋನಿನ ಲೊಕೇಶನ್ ಮಾಹಿತಿಯಿಂದ ಗೂಗಲ್ ಮಾಡುವ ಅಂದಾಜು ಅದು. ಕ್ಲಿಕ್ಕು, ಭೇಟಿ ಎರಡೂ ಸಾಕಷ್ಟು ಇಲ್ಲದಿದ್ದರೆ ತೋರಿಸುವುದಿಲ್ಲ. ಒಂದೇ ಅಂಗಡಿಯವರಿಗೆ ಸಿಗುವುದು ಕಷ್ಟ. ನಿಮಗೆ ಕಾಣುವ Local actions - Directions ಅಂದರೆ ದಾರಿ ನೋಡಿದವರು ಮಾತ್ರ. ನೋಡಿದವರೆಲ್ಲ ಬರುವುದಿಲ್ಲ, ಬರುವವರೆಲ್ಲ ನೋಡಿರುವುದೂ ಇಲ್ಲ.

ಜಾಹೀರಾತನ್ನು ಒಂದು ವಾರ ಓಡಿಸಿ, ಒಂದು ವಾರ ನಿಲ್ಲಿಸಿ, ಬಾಗಿಲಲ್ಲೇ ಎಣಿಸಿ. ತಲೆ ಲೆಕ್ಕ ಬೇಡ, ಗುಂಪಿನ ಲೆಕ್ಕ ಇಡಿ: ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಂದರೆ ಒಂದು. ಕೈಯಲ್ಲಿ ಒತ್ತುವ ಟ್ಯಾಲಿ ಕೌಂಟರ್ ಸಾಕು. ಬಾಗಿಲಿಗೆ ಹಾಕುವ ಅಗ್ಗದ ಸೆನ್ಸಾರ್ ಒಳಗೆ ಬಂದವರನ್ನೂ ಹೊರಗೆ ಹೋದವರನ್ನೂ ಎಣಿಸುತ್ತದೆ, ಟೀ ತರಲು ಹೋದ ಹುಡುಗನನ್ನೂ ಬಿಡುವುದಿಲ್ಲ.

ಎಲ್ಲರೂ ಎಡವುವುದು ಸಂಬಳದ ವಾರದಲ್ಲಿ. ತಿಂಗಳ ಮೊದಲ ವಾರ ವ್ಯಾಪಾರ ಹೇಗೂ ಜೋರು. ಆಗಲೇ ಜಾಹೀರಾತು ಓಡುತ್ತಿದ್ದರೆ ಆ ಏರಿಕೆಯ ಶ್ರೇಯ ಜಾಹೀರಾತಿಗೆ ಹೋಗುತ್ತದೆ. ಅದಕ್ಕೇ ಮೊದಲ ತಿಂಗಳು 1, 3ನೇ ವಾರ ಓಡಿಸಿ; ಎರಡನೇ ತಿಂಗಳು 2, 4ನೇ ವಾರ ಓಡಿಸಿ. ಭಾನುವಾರ ರಾತ್ರಿ ಬದಲಿಸಿ, ಸೋಮವಾರದ ಎಣಿಕೆ ಬಿಡಿ, ಏಕೆಂದರೆ ಹಿಂದಿನ ವಾರ ನೋಡಿದವರು ಅವತ್ತು ಬರುತ್ತಾರೆ. ದಸರಾ, ಯುಗಾದಿ, ಶಾಲೆ ಶುರುವಾಗುವ ದಿನಗಳಲ್ಲಿ ಈ ಪರೀಕ್ಷೆ ಬೇಡ.

ಉದಾಹರಣೆಗೆ ಲೆಕ್ಕ ಹೀಗೆ ಬಂತು ಅನ್ನಿ. ಓಡಿಸಿದಾಗ 1ನೇ ವಾರ 330 ಗುಂಪು, 2ನೇದು 300, 3ನೇದು 345, 4ನೇದು 313. ನಿಲ್ಲಿಸಿದಾಗ ಅದೇ ಕ್ರಮದಲ್ಲಿ 310, 255, 270, 285. ಸುಮ್ಮನೆ ನೋಡಿದರೆ ಗೊಂದಲ: ಜಾಹೀರಾತಿಲ್ಲದ 310, ಇದ್ದ 300ಕ್ಕಿಂತ ಹೆಚ್ಚು. ಆದರೆ 1ನೇ ವಾರಕ್ಕೆ 1ನೇ ವಾರವನ್ನೇ ಹೋಲಿಸುತ್ತಾ ಹೋದರೆ 20, 45, 75, 28, ನಾಲ್ಕೂ ಸಲ ಏರಿಕೆಯೇ. ಸರಾಸರಿ ವಾರಕ್ಕೆ 42 ಗುಂಪು. ಇಷ್ಟಾದರೆ ನಾನು ನಂಬುತ್ತೇನೆ. ಎರಡು ಏರಿ ಎರಡು ಇಳಿದಿದ್ದರೆ ನಂಬುವುದಿಲ್ಲ, ಇನ್ನೆರಡು ತಿಂಗಳು ಎಣಿಸಿ ಅನ್ನುತ್ತೇನೆ.

‘ಎಲ್ಲಿ ನೋಡಿ ಬಂದಿರಿ?’ ಎಂದು ಕೇಳುವುದನ್ನು ನೆಚ್ಚಬೇಡಿ. ‘ಹಿಂಗೇ ಬಂದ್ವಿ’ ಅನ್ನುವವರೇ ಹೆಚ್ಚು.

ಬಿಲ್ಲನ್ನೂ ಇದೇ ರೀತಿ ಜೋಡಿಸಿ ನೋಡಿ. ನಿಲ್ಲಿಸಿದ ವಾರ ಸರಾಸರಿ 126 ಬಿಲ್, ಓಡಿಸಿದ ವಾರ 140 ಎಂದರೆ ಹೆಚ್ಚಾದದ್ದು 14. 3,500 ರೂಪಾಯಿಯನ್ನು 14ರಿಂದ ಭಾಗಿಸಿ, ಬಿಲ್ಲಿಗೆ 250. ಒಂದು ಬಿಲ್ಲಿನಲ್ಲಿ ನಿಮಗೆ ಉಳಿಯುವುದು 200 ಆದರೆ ಜನ ಬಂದರೂ ನಷ್ಟವೇ. ಆಗ ಬಜೆಟ್ ಏರಿಸಬೇಡಿ, ಅಂಗಡಿಯ ಸುತ್ತ ಜಾಹೀರಾತು ತೋರಿಸುವ ದೂರವನ್ನು ಕಮ್ಮಿ ಮಾಡಿ ಮತ್ತೆ ಎಣಿಸಿ.