ಬ್ಯಾಂಕಿನವರು ಕ್ರೆಡಿಟ್ ಅಂತಾರೆ, ನನ್ನ ಪುಸ್ತಕದಲ್ಲಿ ಡೆಬಿಟ್: ಯಾವುದು ಸರಿ?

ಪ್ರಶ್ನೆ: ಶಿರಸಿಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಸಣ್ಣ ಅಂಗಡಿ ಶುರು ಮಾಡಿದ್ದೇನೆ. ಜಿಎಸ್‌ಟಿ ನೋಂದಣಿ ಇಲ್ಲ. ನನ್ನ ಉಳಿತಾಯದಿಂದ 80,000 ರೂ. ತಂದು, 60,000 ಅಂಗಡಿಯ ಬ್ಯಾಂಕ್ ಖಾತೆಗೆ ಹಾಕಿದೆ, 20,000 ಗಲ್ಲಾಪೆಟ್ಟಿಗೆಯಲ್ಲಿ ಇಟ್ಟೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 60,000 ಕ್ರೆಡಿಟ್ ಅಂತ ಇದೆ. ಬಿಕಾಂ ಓದುವ ತಮ್ಮ ‘ಬ್ಯಾಂಕ್ ಖಾತೆ ಡೆಬಿಟ್ ಬರಿ’ ಅನ್ನುತ್ತಾನೆ. ಮೊದಲ ತಿಂಗಳ ಲೆಕ್ಕ ಹೇಗೆ ಬರೆಯಲಿ? – ಓದುಗರು, ಶಿರಸಿ

ಉತ್ತರ: ಇಬ್ಬರೂ ಸರಿ. ಸ್ಟೇಟ್‌ಮೆಂಟ್ ಅಂದರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿರುವ ಪುಟ. ನೀವು ಹಾಕಿದ ಹಣವನ್ನು ಬ್ಯಾಂಕು ನಿಮಗೆ ವಾಪಸು ಕೊಡಬೇಕು, ಹಾಗಾಗಿ ಅದು ಬ್ಯಾಂಕಿಗೆ ಸಾಲ. ಸಾಲ ಹೆಚ್ಚಿದರೆ ಕ್ರೆಡಿಟ್. ಅದೇ ಹಣ ನಿಮ್ಮ ಅಂಗಡಿಗೆ ಆಸ್ತಿ. ಆಸ್ತಿ ಹೆಚ್ಚಿದರೆ ಡೆಬಿಟ್.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮನೆಯಲ್ಲಿ ಅಡಿಕೆ ಇದ್ದರೆ ಸೊಸೈಟಿಯ ಲೆಕ್ಕದ ಚೀಟಿ ತೆಗೆದು ನೋಡಿ. ಅಡಿಕೆ ಮಾರಿದ ಹಣ ನಿಮ್ಮ ಖಾತೆಗೆ ಜಮೆ ಆಗಿರುತ್ತದೆ. ಅಲ್ಲೇ ದಿನಸಿ, ಗೊಬ್ಬರ ಒಯ್ದಿದ್ದರೆ ಅದು ಖರ್ಚಿನ ಕಡೆ ಬಿದ್ದಿರುತ್ತದೆ. ಅದು ಸೊಸೈಟಿ ಬರೆದ ಲೆಕ್ಕ, ಸೊಸೈಟಿಯ ಕಡೆಯಿಂದ. ನೀವೇ ಪುಸ್ತಕ ಬರೆದರೆ ಎರಡೂ ತಿರುಗುತ್ತವೆ. ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಕೊಂಡು ಡೆಬಿಟ್, ಕ್ರೆಡಿಟ್ ನಕಲು ಮಾಡಬೇಡಿ. ಹೊಸಬರ ಪುಸ್ತಕದಲ್ಲಿ ಬ್ಯಾಂಕ್ ಖಾತೆ ತಲೆಕೆಳಗಾಗುವುದು ಜಾಸ್ತಿ ಇದರಿಂದಲೇ.

ಇನ್ನು ನಿಯಮ. ಆಸ್ತಿ ಮತ್ತು ಖರ್ಚು ಹೆಚ್ಚಿದರೆ ಡೆಬಿಟ್. ಸಾಲ, ಬಂಡವಾಳ, ಆದಾಯ ಹೆಚ್ಚಿದರೆ ಕ್ರೆಡಿಟ್. ಕಡಿಮೆಯಾದರೆ ಇದರ ಉಲ್ಟಾ. ಪ್ರತಿ ವ್ಯವಹಾರದಲ್ಲೂ ಎರಡೂ ಕಡೆಯ ಮೊತ್ತ ಒಂದೇ ಇರಬೇಕು. ತಮ್ಮನ ಪುಸ್ತಕದಲ್ಲಿ ‘ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್’ ಅಂತ ಶುರುವಾಗುವ ಮೂರು ನಿಯಮ ಇರುತ್ತವೆ. ಅವುಗಳಿಂದಲೂ ಇದೇ ಉತ್ತರ ಬರುತ್ತದೆ. ಎರಡರಲ್ಲಿ ಒಂದನ್ನು ಹಿಡಿಯಿರಿ, ಬೆರೆಸಬೇಡಿ.

ಆಸ್ತಿಯೂ ಖರ್ಚೂ ಒಂದೇ ಕಡೆ ಯಾಕೆ ಅನ್ನಿಸಬಹುದು. ಲೆಕ್ಕದ ಮಟ್ಟಿಗೆ ಅಂಗಡಿ ಬೇರೆ, ನೀವು ಬೇರೆ. ನೀವು ಹಾಕಿದ 80,000 ಅಂಗಡಿ ನಿಮಗೆ ಕೊಡಬೇಕಾದ ಹಣ, ಆದ್ದರಿಂದ ಬಂಡವಾಳ ಕ್ರೆಡಿಟ್. ಬಾಡಿಗೆ ಕಟ್ಟಿದಾಗ ಆ ಬಂಡವಾಳವೇ ಅಷ್ಟು ಸವೆಯುತ್ತದೆ. ಕ್ರೆಡಿಟ್ ಕಡೆ ಇರುವುದು ಸವೆದರೆ ಡೆಬಿಟ್, ಅದಕ್ಕೇ ಖರ್ಚು ಡೆಬಿಟ್. ಮಾರಾಟದಿಂದ ಬಂದ ಆದಾಯ ನಿಮ್ಮ ಪಾಲನ್ನು ಬೆಳೆಸುತ್ತದೆ, ಅದಕ್ಕೆ ಕ್ರೆಡಿಟ್. ಇಷ್ಟು ಅರ್ಥವಾದರೆ ನಿಯಮ ಬಾಯಿಪಾಠ ಮಾಡುವ ಕೆಲಸ ಉಳಿಯುವುದಿಲ್ಲ.

ಮೊದಲ ಜರ್ನಲ್ ನಮೂದು ಹೀಗೆ:

ಬ್ಯಾಂಕ್ ಖಾತೆ – ಡೆಬಿಟ್ 60,000
ನಗದು ಖಾತೆ – ಡೆಬಿಟ್ 20,000
  ಬಂಡವಾಳ ಖಾತೆಗೆ – ಕ್ರೆಡಿಟ್ 80,000
(ಅಂಗಡಿಗೆ ಬಂಡವಾಳ ತಂದದ್ದು)

ಮುಂದಿನ ವ್ಯವಹಾರಗಳನ್ನು ಉದಾಹರಣೆಗೆ ನಾನೇ ಇಟ್ಟುಕೊಳ್ಳುತ್ತೇನೆ, ನಿಮ್ಮ ಅಂಕಿ ಹಾಕಿಕೊಳ್ಳಿ. ತೂಕದ ಯಂತ್ರ, ಕಪಾಟು ಸೇರಿ 12,000 ರೂ., ಹಣ ಬ್ಯಾಂಕಿನಿಂದ ಹೋಯಿತು. ಇವು ವರ್ಷಗಟ್ಟಲೆ ಬಾಳುವ ವಸ್ತು, ಆದ್ದರಿಂದ ಖರೀದಿ ಖಾತೆಗೆ ಸೇರಿಸಬಾರದು. ಖರೀದಿ ಖಾತೆ ಮಾರಲು ತಂದ ಮಾಲಿಗೆ ಮಾತ್ರ.

ಅಂಗಡಿ ಸಲಕರಣೆ ಖಾತೆ – ಡೆಬಿಟ್ 12,000
  ಬ್ಯಾಂಕ್ ಖಾತೆಗೆ – ಕ್ರೆಡಿಟ್ 12,000

ಸಿದ್ದಾಪುರದ ಒಂದು ಸ್ವಸಹಾಯ ಸಂಘದಿಂದ 15,000 ರೂ. ಹಪ್ಪಳ ಉದ್ರಿ ತಂದಿರಿ. ಕೈಯಿಂದ ಒಂದು ರೂಪಾಯಿಯೂ ಹೋಗಿಲ್ಲ ಅಂತ ಬರೆಯದೆ ಬಿಡುವವರೇ ಹೆಚ್ಚು. ಆದರೆ ಮಾಲು ಬಂದಿದೆ, ಸಾಲ ಹುಟ್ಟಿದೆ, ಹಾಗಾಗಿ ಆ ದಿನವೇ ಬರೆಯಬೇಕು.

ಖರೀದಿ ಖಾತೆ – ಡೆಬಿಟ್ 15,000
  ಸಂಘದ ಖಾತೆಗೆ – ಕ್ರೆಡಿಟ್ 15,000

ವಾರದ ನಂತರ ಸಂಘಕ್ಕೆ ಬ್ಯಾಂಕಿನಿಂದ 10,000 ಕಟ್ಟಿದಿರಿ. ಈಗ ಖರೀದಿ ಖಾತೆ ಮುಟ್ಟಬೇಡಿ, ಖರೀದಿ ಆಗಲೇ ಆಗಿ ಹೋಗಿದೆ. ಇಳಿದದ್ದು ಸಾಲ. ಸಂಘದ ಖಾತೆ ಡೆಬಿಟ್ 10,000, ಬ್ಯಾಂಕ್ ಖಾತೆ ಕ್ರೆಡಿಟ್ 10,000. ಇಲ್ಲಿ ಮತ್ತೆ ಖರೀದಿ ಎಂದು ಬರೆದರೆ 15,000ದ ಮಾಲು ಪುಸ್ತಕದಲ್ಲಿ 25,000 ಆಗುತ್ತದೆ, ಲಾಭ ಅಷ್ಟು ಕಡಿಮೆ ಕಾಣುತ್ತದೆ.

ಮಾರಾಟ ಸುಲಭ. ನಗದು ಮಾರಾಟ 6,500 ಆದರೆ ನಗದು ಡೆಬಿಟ್, ಮಾರಾಟ ಕ್ರೆಡಿಟ್. ಕುಮಟಾದ ಹೋಟೆಲಿಗೆ 4,000 ಉದ್ರಿ ಕೊಟ್ಟರೆ ಹೋಟೆಲಿನ ಖಾತೆ ಡೆಬಿಟ್, ಮಾರಾಟ ಕ್ರೆಡಿಟ್. ಹೋಟೆಲಿನವರು ಹಣ ಕೊಟ್ಟ ದಿನ ನಗದು ಡೆಬಿಟ್, ಹೋಟೆಲ್ ಕ್ರೆಡಿಟ್. ಅವತ್ತು ಮತ್ತೆ ಮಾರಾಟ ಬರೆಯಬಾರದು. ಬ್ಯಾಂಕಿನಿಂದ ಬಾಡಿಗೆ 3,000 ಕೊಟ್ಟರೆ ಬಾಡಿಗೆ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಕಟ್ಟಡದ ಮಾಲೀಕರಿಗೆ ಕೊಡುವ ವಾಪಸು ಬರುವ ಠೇವಣಿ ಮಾತ್ರ ಖರ್ಚಲ್ಲ. ಅದು ಆಸ್ತಿ, ಬೇರೆ ಖಾತೆ ತೆರೆಯಿರಿ.

ಇನ್ನು ಮನೆಗೆ ತರಕಾರಿ, ಮೀನು ತರಲು ಗಲ್ಲಾದಿಂದ 1,500 ತೆಗೆದಿರಿ ಅಂದುಕೊಳ್ಳಿ. ನಮ್ಮ ಅಂಗಡಿ, ನಮ್ಮ ದುಡ್ಡು, ಬರೆಯುವುದು ಏನಿದೆ ಅನ್ನಿಸುತ್ತದೆ ಅಲ್ವಾ? ಬರೆಯದಿದ್ದರೆ ತಿಂಗಳ ಕೊನೆಗೆ ಗಲ್ಲಾದ ಹಣ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ‘ಇತರೆ ಖರ್ಚು’ ಎಂದು ಬರೆದರೆ ಲಾಭ ಸುಳ್ಳಾಗುತ್ತದೆ. ಸರಿಯಾದ ದಾರಿ ಇದು:

ಸ್ವಂತ ಬಳಕೆ ಖಾತೆ – ಡೆಬಿಟ್ 1,500
  ನಗದು ಖಾತೆಗೆ – ಕ್ರೆಡಿಟ್ 1,500

ತಮ್ಮ ಇದನ್ನು ಡ್ರಾಯಿಂಗ್ಸ್ ಅನ್ನಬಹುದು. ವರ್ಷದ ಕೊನೆಗೆ ಇದು ಬಂಡವಾಳದಿಂದ ಕಳೆಯುತ್ತದೆ, ಲಾಭವನ್ನು ಮುಟ್ಟುವುದಿಲ್ಲ. ಹಣದ ಬದಲು ಅಂಗಡಿಯ ಹಪ್ಪಳವನ್ನೇ ಮನೆಗೆ ಒಯ್ದರೆ ಸ್ವಂತ ಬಳಕೆ ಡೆಬಿಟ್, ಖರೀದಿ ಕ್ರೆಡಿಟ್. ಅದನ್ನು ಕೊಂಡ ಬೆಲೆಗೆ ಬರೆಯಿರಿ, ಮಾರುವ ಬೆಲೆಗಲ್ಲ.

ಈಗ ಪ್ರತಿ ಖಾತೆಯ ಉಳಿಕೆ ತೆಗೆದು ತಾಳೆಪಟ್ಟಿ ಮಾಡಿ (ಹೋಟೆಲಿನ ಹಣ ಇನ್ನೂ ಬಂದಿಲ್ಲ, ಠೇವಣಿ ಇಲ್ಲ ಅಂತ ಇಟ್ಟುಕೊಳ್ಳೋಣ). ಡೆಬಿಟ್ ಕಡೆ ನಗದು 25,000, ಬ್ಯಾಂಕ್ 35,000, ಸಲಕರಣೆ 12,000, ಖರೀದಿ 15,000, ಹೋಟೆಲ್ 4,000, ಬಾಡಿಗೆ 3,000, ಸ್ವಂತ ಬಳಕೆ 1,500. ಕ್ರೆಡಿಟ್ ಕಡೆ ಬಂಡವಾಳ 80,000, ಮಾರಾಟ 10,500, ಸಂಘಕ್ಕೆ ಬಾಕಿ 5,000. ಎರಡೂ ಕಡೆ 95,500.

ತಾಳೆ ಆಗದಿದ್ದರೆ ವ್ಯತ್ಯಾಸದ ಮೊತ್ತವೇ ಸುಳಿವು ಕೊಡುತ್ತದೆ. ಹೋಟೆಲಿನ 4,000 ತಪ್ಪಿ ಕ್ರೆಡಿಟ್ ಕಡೆ ಬಿದ್ದರೆ ವ್ಯತ್ಯಾಸ 8,000 ಬರುತ್ತದೆ. ಆದ್ದರಿಂದ ಮೊದಲು ವ್ಯತ್ಯಾಸದ ಅರ್ಧವನ್ನು ಹುಡುಕಿ. ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿಗಳು ಹಿಂದುಮುಂದಾಗಿರಬಹುದು: 6,500ನ್ನು ಒಂದು ಕಡೆ 5,600 ಎಂದು ಬರೆದರೆ 900 ಏರುಪೇರು.

ತಾಳೆ ಆಯಿತು ಎಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ವ್ಯವಹಾರ ಪೂರ್ತಿ ಬಿಟ್ಟುಹೋದರೂ, ಕಪಾಟನ್ನು ಖರೀದಿಗೆ ಸೇರಿಸಿದರೂ ಎರಡೂ ಕಡೆ ಸಮವೇ ಇರುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಹೋಲಿಸಿ. ಅವರ ಕ್ರೆಡಿಟ್ ನಿಮ್ಮ ಡೆಬಿಟ್‌ಗೆ ಹೊಂದಬೇಕು. ನೀವು ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲದಿದ್ದರೆ ಅಥವಾ ಬ್ಯಾಂಕು ಶುಲ್ಕ ಕಡಿದಿದ್ದರೆ ಉಳಿಕೆ ಬೇರೆ ಕಾಣುತ್ತದೆ. ಚೆಕ್ಕಿಗೆ ಕಾಯಿರಿ. ಶುಲ್ಕಕ್ಕೆ ಬ್ಯಾಂಕ್ ಶುಲ್ಕ ಡೆಬಿಟ್, ಬ್ಯಾಂಕ್ ಕ್ರೆಡಿಟ್ ಎಂದು ನಮೂದು ಹಾಕಿ.