ರಿಕ್ರೂಟರ್‌ಗೆ ಮೊದಲ ಮೆಸೇಜ್: ಜಾಬ್ ಐಡಿ ಯಾಕೆ ಬೇಕು?

ಲಿಂಕ್ಡ್‌ಇನ್‌ನಲ್ಲಿ ಪರಿಚಯವಿಲ್ಲದ ರಿಕ್ರೂಟರ್‌ಗಳಿಗೆ ಮೆಸೇಜ್ ಹಾಕ್ತಾನೇ ಇದ್ದೀನಿ. ಒಬ್ಬರೂ ಉತ್ತರ ಕೊಡಲ್ಲ. ಏನು ತಪ್ಪಾಗ್ತಿದೆ?

ಹೆಚ್ಚಾಗಿ ತಪ್ಪುವುದು ಇಲ್ಲಿ: ಯಾವ ಕೆಲಸಕ್ಕೆ ಕೇಳುತ್ತಿದ್ದೀರಿ ಎಂದು ನೀವು ಹೇಳಿರುವುದಿಲ್ಲ.

ರಿಕ್ರೂಟರ್ ಕೈಯಲ್ಲಿ "ಒಂದು ಕೆಲಸ" ಅಂತ ಸುಮ್ನೆ ಇರುವುದಿಲ್ಲ. ಕಂಪನಿ ಮಂಜೂರು ಮಾಡಿದ ಹುದ್ದೆಗಳ ಪಟ್ಟಿ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಹುದ್ದೆಗೂ ಒಂದು ನಂಬರ್, ಅದೇ ಜಾಬ್ ಐಡಿ. ಅರ್ಜಿಗಳೂ ಅದರಡಿಯೇ ಸೇರುತ್ತವೆ. "ಸರ್, ಏನಾದರೂ ಓಪನಿಂಗ್ ಇದ್ದರೆ ತಿಳಿಸಿ" ಎಂದರೆ ನಿಮ್ಮ ರೆಸ್ಯೂಮೆ ಓದಿ ಹೊಂದುವ ಹುದ್ದೆ ಹುಡುಕುವ ಕೆಲಸ ಅವರ ತಲೆಗೆ ಬೀಳುತ್ತದೆ. ಐಡಿ ಕೊಟ್ಟರೆ ನಿಮ್ಮ ಅರ್ಜಿಯನ್ನು ತೆರೆದು ನೋಡಿದರೆ ಸಾಕು.

ಹಾಗಾಗಿ ಮೊದಲು ಕಂಪನಿಯ ಕರಿಯರ್ಸ್ ಪುಟದಲ್ಲಿ ಅರ್ಜಿ ಹಾಕಿ, ಆಮೇಲೆ ಬರೆಯಿರಿ. ಕನೆಕ್ಷನ್ ರಿಕ್ವೆಸ್ಟ್ ಜೊತೆಗಿನ ನೋಟ್‌ಗೆ 300 ಅಕ್ಷರಕ್ಕಿಂತ ಜಾಸ್ತಿ ಜಾಗವಿಲ್ಲ, ಉಚಿತ ಖಾತೆಗೆ ಇನ್ನೂ ಕಡಿಮೆ. ಇಷ್ಟು ಸಾಕು:

"ನಮಸ್ತೆ ಮೇಡಂ, ಜಾಬ್ ಐಡಿ 4471ಕ್ಕೆ ನಿನ್ನೆ ಅರ್ಜಿ ಹಾಕಿದ್ದೇನೆ. ಜಾವಾದಲ್ಲಿ 3 ವರ್ಷ, ಈಗ ಪೇಮೆಂಟ್ ತಂಡದಲ್ಲಿದ್ದೇನೆ. ನೋಟಿಸ್ ಪೀರಿಯಡ್ 30 ದಿನ. ಈ ಹುದ್ದೆ ಇನ್ನೂ ಖಾಲಿ ಇದೆಯೇ?"

ಕೊನೆಯ ಪ್ರಶ್ನೆಗೆ ಹೌದು, ಇಲ್ಲ ಎಂದರೆ ಮುಗಿಯಿತು, ಬಸ್ಸಿನಲ್ಲಿ ನಿಂತುಕೊಂಡೇ ಉತ್ತರಿಸಬಹುದು. ನೋಟಿಸ್ ಪೀರಿಯಡ್ ಬಿಡಬೇಡಿ, ನಮ್ಮಲ್ಲಿ ರಿಕ್ರೂಟರ್ ಮೊದಲು ಕೇಳುವವುಗಳಲ್ಲಿ ಅದೂ ಒಂದು.

ವಾರವಾದರೂ ಉತ್ತರ ಬಾರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಅಷ್ಟಾದರೂ ಸುದ್ದಿಯಿಲ್ಲ ಅಂದ್ರೆ ಆ ಹುದ್ದೆ ಬೇರೆ ರಿಕ್ರೂಟರ್ ಬಳಿ ಇರಬಹುದು. ಜಾಹೀರಾತು ಹಾಕಿದವರ ಹೆಸರು ಕೆಲವೊಮ್ಮೆ ಅದರ ಕೆಳಗೇ ಇರುತ್ತದೆ, ಅವರಿಗೆ ಬರೆಯಿರಿ.